ಒಂದೇ ಪೆಟ್ಟಿಗೆ, ಮೂರು ವಿಳಾಸ

ಒಂದು ತಿಂಗಳ ಉಚಿತ ಬಳಕೆ ಮುಗಿಯುತ್ತಿದ್ದಂತೆ ಹೊಸ ಇಮೇಲ್ ಕೊಟ್ಟು ಮತ್ತೆ ಮೊದಲಿನಿಂದ ಶುರುಮಾಡುವವರಿದ್ದಾರೆ. ಅವರ ಸುಳಿವು ಸಿಗುವುದು ನೋಂದಣಿ ಪಟ್ಟಿಯಲ್ಲೇ.

ಪಟ್ಟಿಯಲ್ಲಿ hesaru@gmail.com, he.saru@gmail.com, hesaru+2@gmail.com ಎಂಬ ಮೂರು ವಿಳಾಸಗಳಿವೆ ಎಂದುಕೊಳ್ಳಿ. ನೋಡಲು ಮೂವರು. ಆದರೆ ಜಿಮೇಲ್ @ ಚಿಹ್ನೆಗಿಂತ ಮುಂಚಿನ ಚುಕ್ಕಿಗಳನ್ನೂ, + ಹಾಗೂ ಅದರ ನಂತರದ ಅಕ್ಷರಗಳನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರಕ್ಕೂ ಬಂದ ಪತ್ರ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ಹಾಗಾಗಿ ಅವನ್ನು ತೆಗೆದುಹಾಕಿ ಹೋಲಿಸಬೇಕು. ಇದನ್ನು ಎಲ್ಲ ಇಮೇಲ್ ಸೇವೆಗಳಿಗೂ ಅನ್ವಯಿಸುವಂತಿಲ್ಲ: ಬೇರೆ ಕಡೆ ಒಂದು ಚುಕ್ಕಿ ಬೇರೆ ವ್ಯಕ್ತಿಯನ್ನೇ ಸೂಚಿಸಬಹುದು.

ಪೂರ್ತಿ ಹೊಸ ಇಮೇಲ್ ಮಾಡಿಕೊಂಡವರನ್ನು ಕಾರ್ಡ್ ಹಿಡಿದುಕೊಡುತ್ತದೆ. ಕಂಪನಿ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳಬೇಕಿಲ್ಲ. ಸ್ಟ್ರೈಪ್‌ನಂಥ ಪಾವತಿ ಸೇವೆ ಸಂಖ್ಯೆಯ ಬದಲು ಒಂದು 'ಫಿಂಗರ್‌ಪ್ರಿಂಟ್' ಕೊಡುತ್ತದೆ. ಅದೇ ಕಾರ್ಡ್ ಸಂಖ್ಯೆ ಮತ್ತೆ ಬಂದರೆ ಅದೇ ಗುರುತು. ಬ್ಯಾಂಕು ಹೊಸ ಸಂಖ್ಯೆಯ ಕಾರ್ಡ್ ಕೊಟ್ಟರೆ ಕೊಂಡಿ ಕಳಚುತ್ತದೆ.

ಸಾಧನದ ಗುರುತು ಇನ್ನೂ ನಾಜೂಕು. ಗ್ರಂಥಾಲಯದ ಒಂದೇ ಕಂಪ್ಯೂಟರಿನಲ್ಲಿ ಒಂದೇ ದಿನ ಆರು ಖಾತೆ ತೆರೆದರೆ ಅವರು ಆರು ವಿದ್ಯಾರ್ಥಿಗಳಿರಬಹುದು. ಅವರಿಗೆ ಬಾಗಿಲು ಮುಚ್ಚುವುದು ಅನ್ಯಾಯ. ಅದೇ ಸಾಧನದಲ್ಲಿ 30 ದಿನಕ್ಕೊಂದು ಖಾತೆ ಹುಟ್ಟಿ, ಹಿಂದಿನದು ಅಂದೇ ನಿಂತುಹೋಗುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕಾರ್ಡೂ ಒಂದೇ ಎಂದಾದಾಗ ಉಚಿತ ಅವಧಿಯನ್ನಷ್ಟೇ ನಿಲ್ಲಿಸಿ, ಹಣ ಕೊಟ್ಟು ಮುಂದುವರಿಯುವ ದಾರಿಯನ್ನು ತೆರೆದಿಡುವುದು ಸರಿ.