ಸ್ಯಾಂಪಲ್ಲಿಗೆ ಒಪ್ಪಿಗೆ: ‘ಓಕೆ’ ಎಂದರೆ ಯಾವುದಕ್ಕೆ ಓಕೆ?

ಸ್ಯಾಂಪಲ್ ಎಂದರೆ ನೂರಾರು ಅಥವಾ ಸಾವಿರಾರು ಸಂಖ್ಯೆಯಲ್ಲಿ ತಯಾರಾಗಬೇಕಾದ ವಸ್ತುವನ್ನು ಮೊದಲು ಒಂದೇ ಒಂದು ಮಾಡಿ, ಕೊಳ್ಳುವವರ ಕೈಗೆ ಕೊಟ್ಟು, ‘ಹೀಗೇ ಇರಲಿ’ ಎಂಬ ಮಾತು ಪಡೆಯುವುದು. ಸಿದ್ಧ ಉಡುಪಿನ ಕೆಲಸದಲ್ಲಿ ಈ ಹಂತ ದಾಟದೆ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಮ್ಮೆ ಕತ್ತರಿಸಿದರೆ ಎಂ ಅಳತೆಯದು ಎಲ್ ಆಗುವುದಿಲ್ಲ. ಎದೆಯ ಭಾಗದ ಮೇಲೆ ಬಿದ್ದ ಪ್ರಿಂಟ್ ಅಳಿಸಿ ಮೇಲಕ್ಕೆ ಸರಿಯುವುದೂ ಇಲ್ಲ. ಟೀ-ಶರ್ಟುಗಳಲ್ಲಿ ಸಾಮಾನ್ಯವಾಗಿ ಕತ್ತರಿಸಿದ ತುಂಡಿಗೆ ಮೊದಲು ಪ್ರಿಂಟ್ ಹಾಕಿ ಆಮೇಲೆ ಹೊಲಿಯುತ್ತಾರೆ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಬಟ್ಟೆ, ಶಾಯಿ, ಕೂಲಿ ಮೂರೂ ಖರ್ಚಾಗಿರುತ್ತವೆ.

ಇಂಥ ಕೆಲಸದಲ್ಲಿ ಜಗಳ ಬಂದಾಗ ಸ್ಯಾಂಪಲ್ ತೋರಿಸಿರಲಿಲ್ಲ ಎಂಬ ದೂರು ಅಪರೂಪ. ತೋರಿಸಿರುತ್ತಾರೆ, ನೋಡಿರುತ್ತಾರೆ, ‘ಓಕೆ’ ಎಂದೂ ಹೇಳಿರುತ್ತಾರೆ. ಆ ಓಕೆ ಯಾವ ಸ್ಯಾಂಪಲ್ಲಿಗೆ, ಅದರ ಯಾವ ಅಂಶಕ್ಕೆ, ಯಾರ ಬಾಯಿಂದ ಬಂತು ಎಂಬುದು ಮಾತ್ರ ಎಲ್ಲೂ ದಾಖಲಾಗಿರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಒಂದು ಕಾಲೇಜಿನ ಉತ್ಸವಕ್ಕೆ 600 ಟೀ-ಶರ್ಟು ಬೇಕು. 180 ಜಿಎಸ್‌ಎಂ ಹತ್ತಿ ಬಟ್ಟೆ, ಮರೂನ್ ಬಣ್ಣ, ಎಡ ಎದೆಯ ಮೇಲೆ ಬಿಳಿ ಲೋಗೋ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಹೊಲಿಗೆ ಘಟಕದವರು ಎಂ ಅಳತೆಯ ಒಂದು ಸ್ಯಾಂಪಲ್ ಹೊಲಿದು ಕಳಿಸುತ್ತಾರೆ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಅದರ ಫೋಟೊ ತೆಗೆದು ಗುಂಪಿಗೆ ಹಾಕಿ, ಘಟಕದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆಯುತ್ತಾನೆ: ‘ಸೂಪರ್ ಆಗಿದೆ ಸರ್, ಓಕೆ. ಲೋಗೋ ಮಾತ್ರ ಸ್ವಲ್ಪ ದೊಡ್ಡದು ಮಾಡಿ.’ ಸ್ಯಾಂಪಲ್ಲಿನಲ್ಲಿ ಲೋಗೋ 3 ಇಂಚು ಅಗಲ ಇತ್ತು. ಘಟಕದವರು ಅದನ್ನು 4 ಇಂಚಿಗೆ ಏರಿಸಿ 600ನ್ನೂ ಮುಗಿಸುತ್ತಾರೆ. ಮಾಲು ಬಂದ ದಿನ ದುಡ್ಡು ಕೊಡಬೇಕಾದ ಪ್ರಾಧ್ಯಾಪಕರು ಪೆಟ್ಟಿಗೆ ತೆರೆದು, ಲೋಗೋ ಜೇಬಿನ ಜಾಗ ದಾಟಿ ತೋಳಿನ ಹತ್ತಿರ ಹೋಗಿದೆ ಎನ್ನುತ್ತಾರೆ. ಮರೂನ್ ಕೂಡ ಸ್ಯಾಂಪಲ್ಲಿಗಿಂತ ಕಪ್ಪಾಗಿದೆ ಎನ್ನುತ್ತಾರೆ.

ಇಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ‘ಸ್ವಲ್ಪ ದೊಡ್ಡದು’ ಎಂಬ ಮಾತು ಸೇರಿದ ಗಳಿಗೆಯಲ್ಲೇ ಆ ಸ್ಯಾಂಪಲ್ ಒಪ್ಪಿತ ಮಾದರಿಯಾಗಿ ಉಳಿಯಲಿಲ್ಲ. ಒಪ್ಪಿಕೊಂಡದ್ದು ಯಾರೂ ಕಣ್ಣಾರೆ ಕಾಣದ ಇನ್ನೊಂದು ಅಂಗಿಯನ್ನು. ಒಪ್ಪಿದವನಿಗೆ ಒಪ್ಪುವ ಅಧಿಕಾರ ಇತ್ತೇ ಎಂದು ಯಾರೂ ಕೇಳಿರಲಿಲ್ಲ. ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಮೊದಲ ಸ್ಯಾಂಪಲ್ಲನ್ನು ಅಂಗಡಿಯಲ್ಲಿ ಸಿಕ್ಕ, ಬಣ್ಣ ಹತ್ತಿರವಿರುವ ಬಟ್ಟೆಯಲ್ಲಿ ಹೊಲಿಯುವುದು ವಾಡಿಕೆ. 600ಕ್ಕೆ ಬೇಕಾದ ಬಟ್ಟೆಯನ್ನು ಆಮೇಲೆ ಬೇರೆಯಾಗಿ ಬಣ್ಣಕ್ಕೆ ಹಾಕಿಸುತ್ತಾರೆ. ಒಂದೇ ಬಣ್ಣದ ಹೆಸರಿದ್ದರೂ ಒಂದು ಲಾಟ್ ಮತ್ತೊಂದರ ಜೊತೆ ಪೂರ್ತಿ ಕೂಡುವುದಿಲ್ಲ. ಇದು ಹೊಲಿಯುವವರಿಗೆ ದಿನನಿತ್ಯದ ಸಂಗತಿ, ಆದರೆ ಕೊಳ್ಳುವವರು ಕೇಳಿಯೇ ಇರುವುದಿಲ್ಲ.

ಆದ್ದರಿಂದ ಒಪ್ಪಿಗೆ ಕೇಳುವ ಮೊದಲ ಕೆಲಸ, ಸ್ಯಾಂಪಲ್ಲಿನಲ್ಲಿ ಯಾವುದು ಖಾಯಂ, ಯಾವುದು ಸದ್ಯಕ್ಕೆ ಹಾಕಿದ್ದು ಎಂದು ಬಿಡಿಸಿ ಹೇಳುವುದು. ಅಳತೆ ಮತ್ತು ಹೊಲಿಗೆ ತೋರಿಸಲು ಮಾತ್ರ ಕಳಿಸಿದ್ದರೆ ‘ಬಟ್ಟೆ ಮತ್ತು ಬಣ್ಣ ಅಂತಿಮವಲ್ಲ’ ಎಂದು ಚೀಟಿಯ ಮೇಲೆ ಬರೆಯಬೇಕು. ಬಣ್ಣಕ್ಕೆ ಬೇರೆಯಾಗಿ, ಅದ್ದಿದ ಬಟ್ಟೆಯ ಒಂದು ತುಂಡು ತೋರಿಸಿ ಒಪ್ಪಿಗೆ ಪಡೆಯಬೇಕು. ಕತ್ತರಿ ಹಾಕುವ ಮುಂಚಿನ ಕೊನೆಯ ಸ್ಯಾಂಪಲ್ ಮಾತ್ರ ನಿಜವಾದ ಬಟ್ಟೆ, ನಿಜವಾದ ಶಾಯಿ, ನಿಜವಾದ ದಾರದಲ್ಲೇ ಇರಬೇಕು. ಸಹಿ ಬೀಳಬೇಕಾದದ್ದು ಇದಕ್ಕೆ.

ಫೋಟೊ ನೋಡಿ ಬಣ್ಣ ಒಪ್ಪುವುದನ್ನು ಘಟಕದವರೇ ನಿರಾಕರಿಸುವುದು ಒಳ್ಳೆಯದು. ಪ್ರತಿ ಫೋನಿನ ಪರದೆ ಒಂದೊಂದು ಬಗೆಯ ಮರೂನ್ ತೋರಿಸುತ್ತದೆ. ಬಟ್ಟೆಯನ್ನೇ ಕೈಯಲ್ಲಿ ಹಿಡಿದಾಗಲೂ ಬೆಳಕು ಮೋಸ ಮಾಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸುವ ಎರಡು ತುಂಡು ಕಿಟಕಿಯ ಬಳಿ ಬೇರೆ ಬೇರೆಯಾಗಿ ಕಾಣಬಹುದು. ಬಣ್ಣ ತರಿಸುವ ರಾಸಾಯನಿಕಗಳು ಬೇರೆ ಇದ್ದರೆ ಬೇರೆ ಬೆಳಕಿನಲ್ಲಿ ಅವು ವರ್ತಿಸುವ ರೀತಿಯೂ ಬೇರೆ. ಹಗಲು ಬೆಳಕಿನಲ್ಲಿ, ನೇರ ಬಿಸಿಲು ಬೀಳದ ಕಡೆ ನೋಡಬೇಕೆಂದು ಕೋರಿಕೆಯಲ್ಲೇ ಬರೆದರೆ ಇಬ್ಬರ ಕಣ್ಣೂ ಒಂದೇ ಸ್ಥಿತಿಯಲ್ಲಿ ನೋಡಿದಂತಾಗುತ್ತದೆ.

ಎರಡನೆಯ ಕೆಲಸ ಹೆಚ್ಚುಕಡಿಮೆಯ ಮಿತಿ ಹೇಳುವುದು. ಎಳೆದರೆ ಹಿಗ್ಗುವ ಹೆಣಿಗೆ ಬಟ್ಟೆಯಲ್ಲಿ 600 ಅಂಗಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದಿಲ್ಲ. ಚಪ್ಪಟೆಯಾಗಿ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದಾಗ ಸ್ಯಾಂಪಲ್ 20 ಇಂಚಿದ್ದರೆ, ಹತ್ತೊಂಬತ್ತೂವರೆಯಿಂದ ಇಪ್ಪತ್ತೂವರೆ ಇಂಚಿನವರೆಗೆ ಇರುವುದು ಸರಿ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಇದನ್ನು ಮಾಲು ಕೊಟ್ಟ ಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ, ಮೊದಲೇ ಹೇಳಿದರೆ ಕರಾರಾಗುತ್ತದೆ. ಕೊಳ್ಳುವವರಿಗೂ ಇದರಿಂದ ರಕ್ಷಣೆ ಇದೆ: ಮಿತಿ ಮೀರಿದ ಅಂಗಿಯನ್ನು ಅವರು ವಾದವಿಲ್ಲದೆ ಹಿಂದಿರುಗಿಸಬಹುದು.

ಇಷ್ಟು ಸಿದ್ಧವಾದ ಮೇಲೆ ಕೋರಿಕೆಯ ಪತ್ರ ತಾನಾಗಿ ಚಿಕ್ಕದಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಹೀಗಿರಬಹುದಿತ್ತು:

‘ಮಾನ್ಯರೇ, ತಮ್ಮ 600 ಟೀ-ಶರ್ಟುಗಳ ಆರ್ಡರಿನ ಎರಡನೇ ಸ್ಯಾಂಪಲ್ (ಸಂಖ್ಯೆ 118-2, ಅಳತೆ ಎಂ) ಜೂನ್ 10ರಂದು ತಮ್ಮ ಕಚೇರಿಗೆ ತಲುಪಿದೆ. ಇದನ್ನು ಆರ್ಡರಿಗೆ ಬಳಸುವ ಬಟ್ಟೆ ಮತ್ತು ಶಾಯಿಯಲ್ಲೇ ಮಾಡಲಾಗಿದೆ. ಲೋಗೋ ಅಗಲ 3 ಇಂಚು, ಕುತ್ತಿಗೆಯ ಹೊಲಿಗೆಯಿಂದ 4 ಇಂಚು ಕೆಳಗೆ. ಅಳತೆಗಳಲ್ಲಿ ಅರ್ಧ ಇಂಚಿನವರೆಗೆ ಹೆಚ್ಚುಕಡಿಮೆ ಇರಬಹುದು. ದಯವಿಟ್ಟು ಹಗಲು ಬೆಳಕಿನಲ್ಲಿ ನೋಡಿ, ಜೂನ್ 13ರ ಸಂಜೆ 5ರೊಳಗೆ ಕೆಳಗಿನ ಮೂರರಲ್ಲಿ ಒಂದನ್ನು ಬರೆದು ತಿಳಿಸಿ. ಲಿಖಿತ ಒಪ್ಪಿಗೆ ಬರುವವರೆಗೆ ಕಟಿಂಗ್ ಆರಂಭಿಸುವುದಿಲ್ಲ. ಒಪ್ಪಿಗೆ ತಡವಾದಷ್ಟು ದಿನ ಜುಲೈ 5ರ ವಿತರಣೆಯೂ ಮುಂದೆ ಹೋಗುತ್ತದೆ.’

ಉತ್ತರದ ಮಾತುಗಳನ್ನೂ ಕೇಳುವವರೇ ಬರೆದುಕೊಡುವುದು ಈ ಕ್ರಮದ ಜೀವಾಳ. ಮೊದಲನೆಯದು: ‘118-2 ಸ್ಯಾಂಪಲ್ಲನ್ನು ನೋಡಿದ್ದೇನೆ. ಬಟ್ಟೆ, ಬಣ್ಣ, ಅಳತೆ, ಲೋಗೋ ಎಲ್ಲಕ್ಕೂ ಒಪ್ಪಿಗೆ ಇದೆ. ಇದರ ಪ್ರಕಾರ 600 ತಯಾರಿಸಿ.’ ಎರಡನೆಯದು: ‘ಈ ಬದಲಾವಣೆ ಬೇಕು. ಬದಲಾಯಿಸಿದ ಹೊಸ ಸ್ಯಾಂಪಲ್ ನೋಡಿದ ಮೇಲೆ ಒಪ್ಪಿಗೆ ಕೊಡುತ್ತೇನೆ.’ ಮೂರನೆಯದು: ‘ಒಪ್ಪಿಗೆ ಇಲ್ಲ.’ ಪ್ರತಿಯೊಂದರ ಕೆಳಗೆ ಹೆಸರು, ಹುದ್ದೆ, ತಾರೀಕು. ‘ಸ್ವಲ್ಪ ಬದಲಾಯಿಸಿ, ಉಳಿದದ್ದು ಓಕೆ’ ಎಂಬ ನಾಲ್ಕನೇ ದಾರಿಯನ್ನು ಬೇಕೆಂದೇ ಇಟ್ಟಿಲ್ಲ. ಕಾರ್ಯದರ್ಶಿಯ ಮಾತು ಎರಡನೇ ಸಾಲಿನಲ್ಲಿ ಬಂದು ನಿಂತಿದ್ದರೆ, ಒಂದು ತುಂಡು ಬಟ್ಟೆಯ ಮೇಲೆ 4 ಇಂಚಿನ ಲೋಗೋ ಒತ್ತಿ ತೋರಿಸುವ ಕೆಲಸ ಒಂದು ದಿನದಲ್ಲಿ ಮುಗಿಯುತ್ತಿತ್ತು.

ಗಡುವಿನ ವಾಕ್ಯದಲ್ಲಿ ಒಂದು ಎಚ್ಚರ ಬೇಕು. ‘ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ ಭಾವಿಸುತ್ತೇವೆ’ ಎಂದು ಕೆಲವರು ಬರೆಯುತ್ತಾರೆ. ಹಾಗೆಂದು ಮೊದಲೇ ಕರಾರಿಲ್ಲದಿದ್ದರೆ ಬರೀ ಮೌನ ಸಮ್ಮತಿಯಾಗುವುದಿಲ್ಲ, ಆ ನಂಬಿಕೆಯಲ್ಲಿ ಬಟ್ಟೆ ಕತ್ತರಿಸಿದ ಘಟಕದವರೇ ನಷ್ಟಕ್ಕೆ ಸಿಲುಕುತ್ತಾರೆ. ‘ತಡವಾದಷ್ಟೂ ವಿತರಣೆ ಮುಂದೆ ಹೋಗುತ್ತದೆ’ ಎಂಬುದೇ ನ್ಯಾಯವಾದ ಮಾತು, ಬೇಗ ಉತ್ತರ ತರಿಸುವ ಮಾತೂ ಹೌದು.

ಭಾರತದ 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಮು ಮಾದರಿಯ ಪ್ರಕಾರ ನಡೆಯುವ ಮಾರಾಟವನ್ನೇ ಕುರಿತದ್ದು. ಒಟ್ಟು ಮಾಲು ಗುಣದಲ್ಲಿ ಮಾದರಿಗೆ ಹೊಂದಬೇಕು. ಎರಡನ್ನೂ ಹೋಲಿಸಿ ನೋಡಲು ಕೊಳ್ಳುವವರಿಗೆ ಸೂಕ್ತ ಅವಕಾಶ ಇರಬೇಕು. ಮಾದರಿಯನ್ನು ಸಾಧಾರಣವಾಗಿ ಪರೀಕ್ಷಿಸಿದರೆ ಕಾಣದಂಥ, ಮಾಲನ್ನು ಮಾರಾಟಕ್ಕೆ ಅಯೋಗ್ಯ ಮಾಡುವ ದೋಷ ಇರಬಾರದು. ಆದರೆ ಸ್ಯಾಂಪಲ್ ತೋರಿಸಿದ ಮಾತ್ರಕ್ಕೆ ವ್ಯವಹಾರ ಈ ಕಲಮಿನಡಿ ಬರುವುದಿಲ್ಲ, ಮಾದರಿಯ ಪ್ರಕಾರ ಎಂಬ ಷರತ್ತು ಕರಾರಿನಲ್ಲಿ ಸ್ಪಷ್ಟವಾಗಿಯೋ ಸೂಚ್ಯವಾಗಿಯೋ ಇರಬೇಕು. ಒಪ್ಪಿಗೆಯ ಸಾಲಿನಲ್ಲಿ ‘ಇದರ ಪ್ರಕಾರ’ ಎಂಬ ಎರಡು ಪದ ಆ ಕೆಲಸ ಮಾಡುತ್ತವೆ. 15ನೇ ಕಲಮಿನಂತೆ, ಆರ್ಡರಿನಲ್ಲಿ ವಿವರವೂ ಇದ್ದು ಸ್ಯಾಂಪಲ್ಲೂ ಇದ್ದರೆ ಮಾಲು ಎರಡಕ್ಕೂ ಹೊಂದಬೇಕು. ಆರ್ಡರಿನಲ್ಲಿ ‘ಶುದ್ಧ ಹತ್ತಿ’ ಎಂದಿದ್ದು ಸ್ಯಾಂಪಲ್ಲಿನಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ, ಸ್ಯಾಂಪಲ್ಲಿಗೆ ಸಹಿ ಬಿದ್ದಿದೆ ಎಂಬ ಸಮರ್ಥನೆ ಸಾಲದು.

ಸಹಿಗೂ ಒಂದು ಎಲ್ಲೆ ಇದೆ. 1887ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಡ್ರಮಂಡ್ ವಿರುದ್ಧ ವಾನ್ ಇಂಗೆನ್ ಮೊಕದ್ದಮೆ ಬಟ್ಟೆಯದೇ. ಕೋಟು ಹೊಲಿಯುವ ಉಣ್ಣೆ ಬಟ್ಟೆ ಮಾದರಿಗೆ ಸರಿಯಾಗಿ ಹೊಂದಿತ್ತು. ಆದರೆ ಮಾದರಿಯಲ್ಲೇ ಕಣ್ಣಿಗೆ ಕಾಣದ ದೋಷವಿತ್ತು, ಆ ಬಟ್ಟೆಯ ಕೋಟು ಬಾಳುತ್ತಿರಲಿಲ್ಲ. ಮಾದರಿಗೆ ಹೊಂದಿದೆ ಎಂಬ ವಾದ ನೇಯಿಸಿ ಕೊಟ್ಟವರನ್ನು ಕಾಯಲಿಲ್ಲ. ಟೀ-ಶರ್ಟಿನಲ್ಲಿ ಇದಕ್ಕೆ ಸಮನಾದದ್ದು ಒಗೆತ. ಪ್ಲಾಸ್ಟಿಸಾಲ್ ಶಾಯಿಗೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ತಾಗದಿದ್ದರೆ ಪ್ರಿಂಟ್ ಅಂದು ಚೆನ್ನಾಗಿಯೇ ಕಾಣುತ್ತದೆ, ಕೆಲವು ಒಗೆತಕ್ಕೆ ಬಿರುಕು ಬಿಟ್ಟು ಉದುರುತ್ತದೆ. ಹತ್ತಿ ಹೆಣಿಗೆ ಮೊದಲ ನೀರಿಗೇ ಕುಗ್ಗುತ್ತದೆ. ಆದ್ದರಿಂದ ಬಲ್ಲ ಘಟಕದವರು ಒಂದು ಒಗೆದ ಸ್ಯಾಂಪಲ್, ಒಂದು ಒಗೆಯದ ಸ್ಯಾಂಪಲ್ ಜೊತೆಯಾಗಿ ಕಳಿಸಿ, ಒಗೆಯುವ ಮುಂಚಿನ ಮತ್ತು ನಂತರದ ಅಳತೆ ಎರಡನ್ನೂ ಬರೆಯುತ್ತಾರೆ.

ಒಪ್ಪಿದ ಸ್ಯಾಂಪಲ್ಲಿನ ಎರಡು ಪ್ರತಿ ಇರಬೇಕು. ಹೊಲಿಗೆಗೆ ದಾರದಿಂದ ಚೀಟಿ ಕಟ್ಟಿ, ಅದರ ಮೇಲೆ ಸಂಖ್ಯೆ, ತಾರೀಕು ಮತ್ತು ಇಬ್ಬರ ಸಹಿ ಹಾಕಿ, ಕವರಿನಲ್ಲಿಟ್ಟು ಅಂಟಿಸಿ, ಒಂದು ಕೊಳ್ಳುವವರ ಬಳಿ, ಒಂದು ಘಟಕದಲ್ಲಿ ಉಳಿಯುತ್ತದೆ. ಕವರು ಬೆಳಕು ಹಾಯದಂಥದಾಗಿರಲಿ, ಇಲ್ಲದಿದ್ದರೆ ಮರೂನ್ ಮಾಸಿ ಸಾಕ್ಷಿಯೇ ಕೆಡುತ್ತದೆ. 600ರಲ್ಲಿ ಮೊದಲ ಐದಾರು ಅಂಗಿ ಹೊಲಿಗೆಯಿಂದ ಇಳಿದ ತಕ್ಷಣ ಘಟಕದ ಪ್ರತಿಯನ್ನು ತೆರೆದು ಕಿಟಕಿಯ ಬಳಿ ಪಕ್ಕದಲ್ಲಿಟ್ಟು ನೋಡುತ್ತಾರೆ, ಟೇಪು ಹಿಡಿದು ಕುತ್ತಿಗೆಯಿಂದ ಲೋಗೋವರೆಗೆ ಅಳೆಯುತ್ತಾರೆ. 4 ಇಂಚು ಬಂದರೆ ಯಂತ್ರ ಮುಂದುವರಿಯುತ್ತದೆ. ಮಿತಿ ಮೀರಿದ್ದರೆ ಅಲ್ಲೇ ನಿಲ್ಲಿಸಿ, ಕೊಳ್ಳುವವರಿಗೆ ಆ ದಿನವೇ ತಿಳಿಸುತ್ತಾರೆ.