ರೂಟರ್ ಜಾಗ ಬದಲಿಸಿ, ಖರ್ಚು ಆಮೇಲೆ

ಫ್ಲ್ಯಾಟ್‌ಗಳಲ್ಲಿ ಫೈಬರ್ ಕೇಬಲ್ ಸಾಮಾನ್ಯವಾಗಿ ಮುಂಬಾಗಿಲ ಪಕ್ಕದಿಂದಲೇ ಒಳಬರುತ್ತದೆ. ಕನೆಕ್ಷನ್ ಕೊಡಲು ಬಂದವರು ಕೇಬಲ್ ಎಟುಕಿದ ಕಡೆ, ಹೆಚ್ಚಾಗಿ ಟಿವಿ ಯೂನಿಟ್‌ನೊಳಗೆ, ರೂಟರ್ ಇಟ್ಟು ಹೋಗುತ್ತಾರೆ. ಮನೆಯ ಇನ್ನೊಂದು ತುದಿಯ ಬೆಡ್‌ರೂಮಿನಲ್ಲಿ ವಿಡಿಯೊ ಕಾಲ್ ಕಡಿದುಹೋಗತೊಡಗಿದಾಗ ಹೊಸ ರೂಟರ್ ತರುವ ಮಾತು ಏಳುತ್ತದೆ.

ಮೊದಲು ತಪ್ಪು ಎಲ್ಲಿದೆ ಎಂದು ತಿಳಿಯಬೇಕು. ರೂಟರ್ ಪಕ್ಕದಲ್ಲೇ ನಿಂತು ಒಮ್ಮೆ, ಬೆಡ್‌ರೂಮಿನಲ್ಲಿ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ. ಪಕ್ಕದಲ್ಲೂ ವೇಗ ಇಲ್ಲದಿದ್ದರೆ ತೊಂದರೆ ಕನೆಕ್ಷನ್‌ನದೋ ರೂಟರ್‌ನದೋ. ಜಾಗ ಬದಲಿಸಿ ಪ್ರಯೋಜನವಿಲ್ಲ. ಬೆಡ್‌ರೂಮಿನಲ್ಲಿ ಮಾತ್ರ ಕುಸಿದರೆ ಅಡ್ಡಿ ಮನೆಯೊಳಗಿದೆ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಟೈಪ್ ಮಾಡಿ:

```
netsh wlan show interfaces
```

`Signal` ಎಂಬ ಸಾಲಿನಲ್ಲಿ ಶೇಕಡಾವಾರು ಕಾಣುತ್ತದೆ. 70ರ ಮೇಲಿದ್ದರೆ ವಿಡಿಯೊ ಕಾಲ್‌ಗೆ ಸಾಮಾನ್ಯವಾಗಿ ಸಾಕು, 50ಕ್ಕಿಂತ ಕೆಳಗಿಳಿದರೆ ಪರದಾಟ.

ಈಗ ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ರೂಟರ್‌ನಿಂದ ಬೆಡ್‌ರೂಮಿಗೆ ಒಂದು ಗೆರೆ ಎಳೆಯಿರಿ. ಸಾಧಾರಣ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಆ ಗೆರೆ ಟಿವಿಯ ಹಿಂಬದಿ, ಅಡುಗೆಮನೆಯ ಫ್ರಿಜ್, ಬಾತ್‌ರೂಮ್ ಗೋಡೆ, ಬೀರು ಇವನ್ನೆಲ್ಲ ಹಾದು ಹೋಗುವುದುಂಟು. ಲೋಹ ಮತ್ತು ಕನ್ನಡಿ ಸಿಗ್ನಲ್ಲನ್ನು ಹಿಂದಕ್ಕೆ ತಳ್ಳುತ್ತವೆ, ಕಬ್ಬಿಣದ ಸರಳಿರುವ ಕಾಂಕ್ರೀಟ್ ಅದನ್ನು ನುಂಗುತ್ತದೆ. ಗೆರೆ ಓರೆಯಾದಷ್ಟೂ ನಷ್ಟ ಹೆಚ್ಚು: ಆರು ಇಂಚಿನ ಗೋಡೆಯನ್ನು ತೀರಾ ಓರೆಯಾಗಿ ದಾಟುವಾಗ ಸಿಗ್ನಲ್ ಒಂದು ಅಡಿ ದಪ್ಪದ ಗೋಡೆಯನ್ನೇ ದಾಟಬೇಕಾಗುತ್ತದೆ.

ಹಾಗಾಗಿ ಗೆರೆ ಪ್ಯಾಸೇಜ್ ಮತ್ತು ತೆರೆದ ಬಾಗಿಲುಗಳ ಮೂಲಕ ಹೋಗುವಂತಹ ಜಾಗ ಹುಡುಕಿ. ಎಷ್ಟೋ ಮನೆಗಳಲ್ಲಿ ಅದು ಟಿವಿಯಿಂದ ಕೆಲವೇ ಅಡಿ ಆಚೆ, ಹಾಲ್ ಮತ್ತು ಪ್ಯಾಸೇಜ್ ಸೇರುವ ಮೂಲೆ. ಅಲ್ಲಿ ಐದಾರು ಅಡಿ ಎತ್ತರದ ತೆರೆದ ಶೆಲ್ಫ್ ಒಳ್ಳೆಯದು. ರೂಟರ್ ಹಿಂದೆ ಸುರುಳಿ ಸುತ್ತಿಟ್ಟ ಫೈಬರ್ ಉಳಿದಿದೆಯೇ ನೋಡಿ. ಇದ್ದರೆ ಸ್ಥಳಾಂತರಕ್ಕೆ ಖರ್ಚೇ ಇಲ್ಲ. ಆದರೆ ಫೈಬರ್ ಒಳಗಿರುವುದು ಗಾಜಿನ ಎಳೆ. ಮೂಲೆಯಲ್ಲಿ ಮಡಚಬೇಡಿ, ಅಗಲವಾಗಿ ಬಾಗಿಸಿ. `LOS` ದೀಪ ಕೆಂಪಾದರೆ ಎಲ್ಲೋ ಮಡಿಕೆ ಬಿದ್ದಿರಬಹುದು, ಇಲ್ಲವೇ ತುದಿ ಸಡಿಲವಾಗಿರಬಹುದು. ತೆರೆದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ.

ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿ. ಅವುಗಳ ಸಿಗ್ನಲ್ ಹರಡುವುದು ಸುತ್ತಲಿನ ಬದಿಗಳಿಗೆ. ತುದಿಯ ದಿಕ್ಕಿನಲ್ಲಿ ಬಹಳ ಕಡಿಮೆ. ಬೆಡ್‌ರೂಮಿನತ್ತ ಆಂಟೆನಾ ಚಾಚಿದರೆ ಆ ಕೋಣೆಗೇ ನಷ್ಟ. ದೂರದ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಬದಲು 2.4ಕ್ಕೆ ಕನೆಕ್ಟ್ ಮಾಡಿ ನೋಡಿ. ವೇಗ ಕಡಿಮೆ, ಆದರೆ ಗೋಡೆ ದಾಟುವುದರಲ್ಲಿ ಅದು ಮುಂದು.

ಪ್ರತಿ ಬದಲಾವಣೆಯ ನಂತರ ಅದೇ ಕುರ್ಚಿಯಲ್ಲಿ ಕೂತು ಮತ್ತೆ ಅಳೆಯಿರಿ. ಎರಡು ಕಾಂಕ್ರೀಟ್ ಗೋಡೆ ಅಡ್ಡವಿರುವ ಕೋಣೆಗೆ ಇಷ್ಟೂ ಸಾಲದೇ ಹೋಗಬಹುದು. ಆಗಲೂ ದುಬಾರಿ ರೂಟರ್‌ಗಿಂತ, ಆ ಕೋಣೆಗೆ ಲ್ಯಾನ್ ಕೇಬಲ್ ಎಳೆದು ಮನೆಯಲ್ಲಿರುವ ಹಳೆಯ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಆಗಿ ಜೋಡಿಸುವುದೇ ವಾಸಿ.