ಹಾಗಲ ಚಪ್ಪರದ ಹಣ್ಣುನೊಣ: ಚೀಲವೂ ಬೋನೂ

ಹಾಗಲದ ಹೀಚು ಬೆರಳುದ್ದ ಬೆಳೆದು, ಇನ್ನೊಂದು ವಾರದಲ್ಲಿ ಪಲ್ಯಕ್ಕೆ ಒದಗೀತೆಂದು ಎಣಿಸುತ್ತಿರುವಾಗ, ಅದು ಒಂದು ಪಕ್ಕಕ್ಕೆ ಸೊಟ್ಟಗಾಗಿ, ಹಳದಿಗೆ ತಿರುಗಿ, ಕೊಳೆತು ಬೀಳುವುದನ್ನು ಚಪ್ಪರ ಹಾಕಿದವರೆಲ್ಲರೂ ಕಂಡಿರುತ್ತಾರೆ. ಸೀಳಿ ನೋಡಿದರೆ ಒಳಗೆ ಬಿಳಿಯ ಹುಳುಗಳು ಮಿಸುಕಾಡುತ್ತಿರುತ್ತವೆ. ಒಡನೆಯೇ ಔಷಧಿ ಸಿಂಪಡಿಸಬೇಕೆಂದು ತೋರುವುದು ಸಹಜ. ಆದರೆ ಹುಳು ಇರುವುದು ಕಾಯಿಯ ಒಳಗೆ. ಸಿಂಪಡಿಸಿದ ಔಷಧಿ ಉಳಿಯುವುದು ಬಹುಮಟ್ಟಿಗೆ ಸಿಪ್ಪೆಯ ಹೊರಗೆ. ಹೂವಿಗೆ ಬರುವ ಜೇನ್ನೊಣಗಳಿಗೂ ಅದು ಮಾರಕ. ಆದುದರಿಂದ ಹುಳುವನ್ನು ಕೊಲ್ಲುವುದಕ್ಕಿಂತ ನೊಣವು ಕಾಯನ್ನು ಮುಟ್ಟದಂತೆ ಮಾಡುವುದೇ ಮೇಲು.

ಈ ನೊಣಕ್ಕೆ ವಿಜ್ಞಾನಿಗಳು ಜ್ಯೂಗೊಡೇಕಸ್ ಕುಕುರ್ಬಿಟೇ ಎಂದು ಹೆಸರಿಟ್ಟಿದ್ದಾರೆ. ಮನೆನೊಣದಷ್ಟು ದೊಡ್ಡದು, ಕೆಂಪುಗಂದು ಮೈ, ಬೆನ್ನ ಮೇಲೆ ಹಳದಿ ಗೆರೆಗಳು, ರೆಕ್ಕೆಯಂಚಿನಲ್ಲಿ ಕಂದು ಪಟ್ಟೆ. ನೋಡಿದವರು ಸಣ್ಣ ಕಣಜವೆಂದು ಭ್ರಮಿಸುವುದುಂಟು. ಹೆಣ್ಣು ನೊಣವು ತನ್ನ ಬಾಲದ ಸೂಜಿಯಿಂದ ಎಳೆಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಒಂದೆರಡು ದಿನಗಳಲ್ಲಿ ಮರಿಹುಳು ಹೊರಬಂದು, ಸುಮಾರು ಒಂದು ವಾರ ತಿರುಳನ್ನು ತಿಂದು, ಕಾಯನ್ನು ಬಿಟ್ಟು ಮಣ್ಣಿಗಿಳಿದು ಕೋಶವಾಗುತ್ತದೆ. ಮುಂದೆ ಅಲ್ಲಿಂದಲೇ ಹೊಸ ನೊಣ ಎದ್ದು ಬರುತ್ತದೆ.

ನೊಣಕ್ಕೆ ಬೇಕಾದುದು ಎಳೆಯ ಸಿಪ್ಪೆ. ಆದುದರಿಂದ ಚೀಲ ಕಟ್ಟುವ ಕಾಲವೇ ಮುಖ್ಯವಾದುದು. ಒಂದು ಹೀಚನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೋಮವಾರ ಬೆಳಗ್ಗೆ ಹೆಣ್ಣು ಹೂವು ಅರಳಿತೆನ್ನಿ. ಅಂದು ಅದನ್ನು ಮುಚ್ಚಬಾರದು. ಮುಚ್ಚಿದರೆ ಜೇನ್ನೊಣಗಳು ಪರಾಗವನ್ನು ತರಲಾರವು, ಕಾಯಿ ಕಚ್ಚದು. ಬುಧವಾರ ಅಥವಾ ಗುರುವಾರದ ಹೊತ್ತಿಗೆ ಹೂವು ಬಾಡಿ, ಹೀಚು 3–4 ಸೆಂಟಿಮೀಟರು ಬೆಳೆದಿರುತ್ತದೆ. ಆಗ ಅದನ್ನು ತಿರುಗಿಸಿ, ಚುಚ್ಚಿದ ಚುಕ್ಕೆಯಾಗಲಿ ಅಂಟು ಒಸರಿದ ಗುರುತಾಗಲಿ ಇಲ್ಲವೆಂದು ನೋಡಿಕೊಂಡು ಚೀಲ ತೊಡಿಸಬೇಕು. ಭಾನುವಾರದವರೆಗೆ ಕಾದರೆ ನೊಣವು ಮೊದಲೇ ಬಂದು ಹೋಗಿರಬಹುದು. ಆಮೇಲೆ ಕಟ್ಟಿದ ಚೀಲವು ಹುಳುವಿಗೇ ಮನೆಯಾಗುತ್ತದೆ.

ಚೀಲಕ್ಕೆ ವೃತ್ತಪತ್ರಿಕೆಯ ಕಾಗದ ಸಾಕು. ಎರಡು ಪದರವಾಗಿ ಮಡಿಸಿ, ಸುಮಾರು 25 ಸೆಂಟಿಮೀಟರು ಉದ್ದ, 12 ಸೆಂಟಿಮೀಟರು ಅಗಲವಾಗಿ ಅಂಟಿಸಿ, ತಳವನ್ನು ಮುಚ್ಚಿರಿ. ಬಾಯನ್ನು ತೊಟ್ಟಿನ ಸುತ್ತ ನೆರಿಗೆ ಹಿಡಿದು ಬಾಳೆನಾರಿನಿಂದ ಕಟ್ಟಿರಿ. ಸಂದು ಉಳಿಯಬಾರದು, ತೊಟ್ಟು ನಲುಗಲೂ ಬಾರದು. ಪ್ಲಾಸ್ಟಿಕ್ ಚೀಲದೊಳಗೆ ಬೆವರು ಕಟ್ಟಿ ಕಾಯಿ ಕೊಳೆಯುವುದುಂಟು. ಮಳೆಗೆ ಕಾಗದ ಹರಿದರೆ ಬದಲಾಯಿಸಬೇಕು. ಬಿಸಿಲು ತಾಗದ ಕಾಯಿಯ ಬಣ್ಣ ತುಸು ಪೇಲವವಾಗುತ್ತದೆ, ಅದು ರೋಗವಲ್ಲ. ಹೊಸ ಹೀಚುಗಳು ಬರುತ್ತಲೇ ಇರುವುದರಿಂದ ಎರಡು ಮೂರು ದಿನಗಳಿಗೊಮ್ಮೆ ಚಪ್ಪರವನ್ನು ಸುತ್ತಿ ಬರಬೇಕು. ಹಿತ್ತಲಿನ ಕೆಲವು ಬಳ್ಳಿಗಳಿಗೆ ಇದು ಸುಲಭ. ಎಕರೆಗಟ್ಟಲೆ ಬೆಳೆಯುವವನಿಗೆ ಕೂಲಿಯೇ ಭಾರವಾದೀತು.

ಉದುರಿದ ಹೀಚೆಲ್ಲವೂ ನೊಣದ ಪಾಪವಲ್ಲ. ಪರಾಗ ಸಿಗದ ಹೀಚೂ ಹಳದಿಯಾಗಿ ಬೀಳುತ್ತದೆ. ಆದರೆ ಅದರಲ್ಲಿ ಚುಚ್ಚಿದ ಗುರುತಿರದು, ಕೊಯ್ದರೆ ಹುಳುವೂ ಕಾಣದು. ಅಂಥವುಗಳೇ ಹೆಚ್ಚಾಗಿದ್ದರೆ ಚೀಲದಿಂದ ಪ್ರಯೋಜನವಿಲ್ಲ. ಬೆಳಗ್ಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸೋಕಿಸಬೇಕು.

ಇನ್ನು ಬೋನು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗದಲ್ಲಿ ಕಿರುಬೆರಳು ಹಿಡಿಸುವ ಮೂರು ನಾಲ್ಕು ತೂತುಗಳನ್ನು ಕೊರೆದು, ಒಳಗೆ ಕ್ಯೂ-ಲ್ಯೂರ್ ಎಂಬ ಆಕರ್ಷಕವನ್ನು ಹೀರಿಸಿದ ಮರದ ತುಂಡನ್ನು ತೂಗಿ, ಚಪ್ಪರದ ನೆರಳಿನಲ್ಲಿ ಕಟ್ಟುತ್ತಾರೆ. ಇಲ್ಲಿ ಅನೇಕರು ಎಡವುತ್ತಾರೆ. ಮಾವಿನ ತೋಟಕ್ಕೆಂದು ಮಾರುವ ಮಿಥೈಲ್ ಯೂಜಿನಾಲ್ ಬೋನನ್ನು ತಂದು ಹಾಗಲಕ್ಕೆ ಕಟ್ಟಿದರೆ ಈ ನೊಣ ಅತ್ತ ಸುಳಿಯದು. ಅದು ಬೇರೆ ಜಾತಿಯ ನೊಣಗಳಿಗೆ ತಕ್ಕದ್ದು. ಕ್ಯೂ-ಲ್ಯೂರ್ ಬೋನಿಗೂ ಬೀಳುವುದು ಗಂಡು ನೊಣಗಳು ಮಾತ್ರ. ಮೊಟ್ಟೆಯಿಡುವ ಹೆಣ್ಣು ಹೊರಗೇ ಉಳಿಯುತ್ತದೆ. ಅಳಿದುಳಿದ ಗಂಡುಗಳೇ ಹಲವು ಹೆಣ್ಣುಗಳನ್ನು ಕೂಡಬಲ್ಲವು. ಪಕ್ಕದ ಹಿತ್ತಲಿನಿಂದ ಕೂಡಿದ ಹೆಣ್ಣುಗಳೂ ಹಾರಿ ಬರುತ್ತವೆ. ಬೋನು ತುಂಬಿದರೂ ಕಾಯಿ ಕೊಳೆಯುವುದಕ್ಕೆ ಇದೇ ಕಾರಣ.

ಹೆಣ್ಣನ್ನೂ ಸೆಳೆಯಬೇಕಾದರೆ ಕಳಿತ ಬಾಳೆಹಣ್ಣನ್ನು ಕಿವುಚಿ, ಬೆಲ್ಲದ ನೀರಿನಲ್ಲಿ ಕಲಸಿ, ಎರಡು ತೊಟ್ಟು ಸೋಪಿನ ದ್ರಾವಣ ಸೇರಿಸಿ ಇನ್ನೊಂದು ಬಾಟಲಿಯಲ್ಲಿಡಬಹುದು. ವಾರಕ್ಕೊಮ್ಮೆ ಬದಲಾಯಿಸಬೇಕು. ಇದರ ಸೆಳೆತ ಸೌಮ್ಯವಾದುದು. ಸಾಸಿವೆಗಿಂತ ತುಸು ದೊಡ್ಡದಾದ ಹುಳಿನೊಣಗಳೂ ಇದರಲ್ಲಿ ಮುತ್ತುತ್ತವೆ. ಅವನ್ನೆಣಿಸಿ ಶತ್ರು ಸಿಕ್ಕಿತೆಂದು ಹಿಗ್ಗಬಾರದು.

ಬೋನು ನೊಣದ ಸುಳಿವನ್ನು ತಿಳಿಸಿ ಸಂಖ್ಯೆಯನ್ನು ತಗ್ಗಿಸುತ್ತದೆ. ಕಾಯನ್ನು ಉಳಿಸುವುದು ಚೀಲ. ಇವೆರಡೂ ಫಲಿಸಬೇಕಾದರೆ ಕೆಡುಕಾದ ಕಾಯಿಗಳನ್ನು ಚಪ್ಪರದಡಿಯಲ್ಲಾಗಲಿ ಗೊಬ್ಬರದ ಗುಂಡಿಯಲ್ಲಾಗಲಿ ಬಿಡದೆ, ಅಂದಂದೇ ಆರಿಸಿ, ಎರಡು ಅಡಿ ಆಳದಲ್ಲಿ ಹೂಳಬೇಕು. ಬಿದ್ದ ಕಾಯಿಯಲ್ಲಿರುವ ಹುಳುವೇ ಮುಂದಿನ ಹೀಚನ್ನು ಚುಚ್ಚುವ ನೊಣ.